ಬೇಕು, ಇಲ್ಲ ಮತ್ತು ಗೌರವ: ಸ್ವಸಹಾಯ ಸಂಘದ ಕಂತಿನ ಜ್ಞಾಪನೆಯ ಭಾಷೆ

ಸಾರ

ಮಹಿಳಾ ಸ್ವಸಹಾಯ ಸಂಘದ ಪ್ರತಿನಿಧಿಯು ಸದಸ್ಯೆಯರಿಗೆ ಸಾಲದ ಕಂತನ್ನು ನೆನಪಿಸುವ ಮಾತಿನಲ್ಲಿ ಗೌರವವು ಯಾವ ವ್ಯಾಕರಣಾಂಶಗಳ ಮೂಲಕ ವ್ಯಕ್ತವಾಗುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಕನ್ನಡದಲ್ಲಿ ಗೌರವದ ಗುರುತು ಬಹುಮಟ್ಟಿಗೆ ಆಖ್ಯಾತ ಪ್ರತ್ಯಯದಲ್ಲಿದೆ. ಆದರೆ ಕಂತಿನ ಜ್ಞಾಪನೆಗೆ ಅನಿವಾರ್ಯವಾದ ‘ಬೇಕು’ ಮತ್ತು ‘ಇಲ್ಲ’ ರೂಪಗಳಲ್ಲಿ ಆ ಪ್ರತ್ಯಯವೇ ಇಲ್ಲ. ಈ ಕೊರತೆಯನ್ನು ಮಳವಳ್ಳಿ ಭಾಗದ ಆಡುಮಾತು ಬಂಧುವಾಚಕ ಸೇರಿದ ‘ಕನ’ ಅವ್ಯಯದಿಂದ ತುಂಬುತ್ತದೆ. ಲಿಖಿತ ಸಂದೇಶಕ್ಕೆ ಆ ಅನುಕೂಲವಿಲ್ಲ. ಅದು ವಾಕ್ಯರಚನೆಯಿಂದಲೇ ಗೌರವವನ್ನು ಸಾಧಿಸಬೇಕಾಗುತ್ತದೆ.

ಪ್ರಮುಖ ಪದಗಳು: ಗೌರವಸೂಚಕತೆ, ಆಖ್ಯಾತ ಪ್ರತ್ಯಯ, ನಿಷೇಧ, ಬಂಧುವಾಚಕ ಸಂಬೋಧನೆ, ಮಂಡ್ಯ ಕನ್ನಡ

1. ಸಂದರ್ಭ

ಮಳವಳ್ಳಿ ತಾಲ್ಲೂಕಿನ ಬ್ಲಫ್, ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಸುತ್ತ ಬೆಳೆದ ಊರು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಕಡಿದಾದ ದಿಬ್ಬವನ್ನು ಸೂಚಿಸುವ ಇಂಗ್ಲಿಷ್ ಪದವೇ ಊರಿನ ಹೆಸರಾಗಿ ನಿಂತಿದೆ. ಇಂಥ ಊರಿನ ಸಂಘವೊಂದರಲ್ಲಿ ಹುಟ್ಟಿನಿಂದಲೋ ಮದುವೆಯಿಂದಲೋ ಪರಸ್ಪರ ಬಂಧುಗಳಾದ ಸುತ್ತಲ ಹಳ್ಳಿಗಳ ಹೆಂಗಸರೂ, ನೌಕರಿಯ ನಿಮಿತ್ತ ಬಂದು ನೆಲೆಸಿದ ಕುಟುಂಬಗಳ ಹೆಂಗಸರೂ ಒಂದೇ ಚಾಪೆಯ ಮೇಲೆ ಕೂರುವುದು ಸಾಧ್ಯ. ಒಬ್ಬರನ್ನು ‘ದೊಡ್ಡವ್ವ’ ಎಂದು ಕರೆಯುವ ಪ್ರತಿನಿಧಿಯೇ ಇನ್ನೊಬ್ಬರನ್ನು ‘ಮೇಡಂ’ ಎನ್ನಬೇಕಾಗುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಸಿಗುವುದು ಕಷ್ಟ.

ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಿತು. ಈ ವ್ಯವಸ್ಥೆಯ ಒಂದು ಅಂಶ ಭಾಷಾವಿಶ್ಲೇಷಣೆಗೆ ಮುಖ್ಯವಾದುದು. ಬ್ಯಾಂಕು ಸಾಲ ಕೊಡುವುದು ಸಂಘಕ್ಕೆ. ಸಂಘವು ಅದನ್ನು ಸದಸ್ಯೆಯರಿಗೆ ಹಂಚುತ್ತದೆ. ಆದ್ದರಿಂದ ಕಂತನ್ನು ನೆನಪಿಸುವ ಪ್ರತಿನಿಧಿ ಸಾಲ ಕೊಟ್ಟವಳಲ್ಲ. ಅವಳೂ ಅದೇ ಸಾಲದ ಒಂದು ಪಾಲನ್ನು ಹೊತ್ತವಳು, ಒಬ್ಬಳು ತಪ್ಪಿದರೆ ಉಳಿದವರೊಡನೆ ತಾನೂ ಉತ್ತರ ಹೇಳಬೇಕಾದವಳು. ಕೇಳುವವಳಿಗೂ ಕೇಳಿಸಿಕೊಳ್ಳುವವಳಿಗೂ ನಡುವೆ ಅಧಿಕಾರದ ಅಂತರ ಕಡಿಮೆ, ಸಂಬಂಧದ ಹೊಣೆ ಹೆಚ್ಚು. ಖಾಸಗಿ ಸಾಲಸಂಸ್ಥೆಯ ವಸೂಲಿಗಾರನ ಮಾತಿನಿಂದ ಈ ಮಾತನ್ನು ಬೇರ್ಪಡಿಸುವುದು ಇದೇ. ಬಲವಂತದ ಸಾಲವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಅಧ್ಯಾದೇಶವನ್ನೇ ತರಬೇಕಾಯಿತು. ಅದಾದ ಮೇಲೆ ಜ್ಞಾಪನೆ ಎಲ್ಲಿ ಮುಗಿದು ಒತ್ತಾಯ ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆ ಕೇವಲ ಸೌಜನ್ಯದ ಪ್ರಶ್ನೆಯಾಗಿ ಉಳಿದಿಲ್ಲ.

ಮುಂದೆ ಕೊಡುವ ಉದಾಹರಣೆಗಳು ವಿಶ್ಲೇಷಣೆಗಾಗಿ ರಚಿಸಿದವು. ಯಾವುದೇ ಸಂಘದ ದಾಖಲೆಯಿಂದ ತೆಗೆದವಲ್ಲ. ಅವುಗಳ ಸ್ವೀಕಾರಾರ್ಹತೆಯನ್ನು ಕನ್ನಡ ಬಲ್ಲ ಓದುಗರು ತಾವೇ ಪರೀಕ್ಷಿಸಬಹುದು.

2. ಗೌರವ ಇರಬೇಕಾದ ಸ್ಥಾನದ ಖಾಲಿತನ

ಕನ್ನಡದಲ್ಲಿ ಮಧ್ಯಮಪುರುಷದ ಗೌರವವು ‘ನೀನು’, ‘ನೀವು’ ಎಂಬ ಸರ್ವನಾಮಗಳಲ್ಲಿ ಮಾತ್ರ ಇಲ್ಲ. ಕನ್ನಡದ ಮಾತಿನಲ್ಲಿ ಕರ್ತೃಪದವನ್ನು ಬಿಡುವುದು ಸಾಮಾನ್ಯವಾದುದರಿಂದ ಗೌರವವನ್ನು ಹೊರುವ ಕೆಲಸ ಕ್ರಿಯಾಪದದ ಕೊನೆಗೆ ಬೀಳುತ್ತದೆ.

(1) ಅ. ಕಂತು ಕಟ್ಟಿದ್ದೀಯ.
ಆ. ಕಂತು ಕಟ್ಟಿದ್ದೀರಿ.

ಎರಡರಲ್ಲೂ ಸರ್ವನಾಮವಿಲ್ಲ. ಆದರೂ ಮೊದಲನೆಯದು ಏಕವಚನ, ಎರಡನೆಯದು ಗೌರವ ಅಥವಾ ಬಹುವಚನ ಎಂಬುದರಲ್ಲಿ ಸಂದೇಹವಿಲ್ಲ. ಈಗ ಕಂತಿನ ಜ್ಞಾಪನೆಗೆ ನಿಜವಾಗಿ ಬೇಕಾದ ಎರಡು ವಾಕ್ಯಗಳನ್ನು ನೋಡೋಣ.

(2) ಅ. ಕಂತು ಕಟ್ಟಬೇಕು.
ಆ. ಕಂತು ಕಟ್ಟಿಲ್ಲ.

ಇವುಗಳ ಕರ್ತೃ ನಾನು, ನೀನು, ನೀವು, ಅವಳು, ಅವರು ಯಾರಾದರೂ ಆಗಬಹುದು, ರೂಪ ಬದಲಾಗುವುದಿಲ್ಲ. ಹಳಗನ್ನಡದ ನಿಷೇಧರೂಪಗಳು ಪುರುಷಪ್ರತ್ಯಯಗಳನ್ನು ಪಡೆಯುತ್ತಿದ್ದವು. ‘ಕಟ್ಟೆನು’, ‘ಕಟ್ಟರು’ ಎಂಬಂಥ ರೂಪಗಳು ಇಂದಿಗೂ ಗ್ರಾಂಥಿಕ ಶೈಲಿಯಲ್ಲಿ ಅರ್ಥವಾಗುತ್ತವೆ. ಆದರೆ ಇಂದಿನ ವ್ಯವಹಾರದ ‘ಕಟ್ಟಿಲ್ಲ’, ‘ಕಟ್ಟಲಿಲ್ಲ’, ‘ಕಟ್ಟುವುದಿಲ್ಲ’ ಎಂಬ ಮೂರೂ ಪುರುಷವಚನಗಳನ್ನು ಅಳಿಸಿಹಾಕುತ್ತವೆ. ‘ಬಾಕಿ ಇದೆ’ ಎಂಬಲ್ಲಿ ಪ್ರತ್ಯಯವಿದ್ದರೂ ಅದು ಹಣಕ್ಕೆ ಹೊಂದುತ್ತದೆ, ಕೊಡಬೇಕಾದವರಿಗಲ್ಲ.

ಕರ್ತವ್ಯವನ್ನು ಹೇಳುವ ‘ಬೇಕು’, ಆಗದೆ ಉಳಿದುದನ್ನು ಹೇಳುವ ‘ಇಲ್ಲ’, ಉಳಿದ ಮೊತ್ತವನ್ನು ಹೇಳುವ ‘ಬಾಕಿ ಇದೆ’ ಈ ಮೂರೂ ಸೇರಿದರೆ ಸಾಲದ ಜ್ಞಾಪನೆಯ ವ್ಯಾಕರಣವೇ ಆಯಿತು. ಈ ಮೂರರಲ್ಲೂ ಕೇಳುಗಳ ಗೌರವವನ್ನು ಗುರುತಿಸಲು ಸ್ಥಳವಿಲ್ಲ. ಅಂದರೆ ಗೌರವ ಅತ್ಯಂತ ಅಗತ್ಯವಾದ ಕ್ಷಣದಲ್ಲೇ ಅದರ ಸಾಮಾನ್ಯ ಸಾಧನ ಕೈಗೆ ಸಿಗುವುದಿಲ್ಲ.

ಈ ಖಾಲಿತನಕ್ಕೆ ಎರಡು ಮುಖಗಳಿವೆ. (2ಆ) ಯಾರ ಮೇಲೂ ಬೆರಳು ತೋರಿಸದೆ ಇರಬಲ್ಲದು, ಅದು ಅನುಕೂಲ. ಆದರೆ ಎದುರಿಗೆ ನಿಂತ ಒಬ್ಬಳಿಗೆ ಬರಿದಾಗಿ ‘ಕಂತು ಕಟ್ಟಿಲ್ಲ’ ಎಂದರೆ ಅದು ಒರಟಾಗಿ ಕೇಳುತ್ತದೆ. ವಾಕ್ಯದಲ್ಲಿ ಅಗೌರವದ ಗುರುತು ಏನೂ ಇಲ್ಲ. ಗೌರವದ ಗುರುತು ಇಲ್ಲದಿರುವುದನ್ನೇ ಕಿವಿ ಅಗೌರವವೆಂದು ಗ್ರಹಿಸುತ್ತದೆ.

ಇದರ ಜೊತೆಗೆ ಕಾಲದ ಒಂದು ಸೂಕ್ಷ್ಮವಿದೆ. ‘ಕಟ್ಟಬೇಕು’ ಮುಂದಿನದನ್ನು ನೋಡುತ್ತದೆ. ‘ಕಟ್ಟಬೇಕಾಗಿದೆ’ ಕರ್ತವ್ಯ ಇನ್ನೂ ಚಾಲ್ತಿಯಲ್ಲಿದೆ ಎನ್ನುತ್ತದೆ. ‘ಕಟ್ಟಬೇಕಿತ್ತು’ ಎಂದ ಕೂಡಲೇ ಕೆಲಸ ಆಗಬೇಕಾದ ಸಮಯ ಕಳೆಯಿತು, ಆಗಲಿಲ್ಲ ಎಂಬ ಧ್ವನಿ ಸೇರುತ್ತದೆ. ‘ಇಲ್ಲ’ ಎಂಬ ಪದ ಬಾರದೆಯೇ ನಿಷೇಧ ಕೇಳಿಸುತ್ತದೆ. ‘ದಯವಿಟ್ಟು ಗಮನಿಸಿ, ತಾವು ಕಂತನ್ನು ಕಟ್ಟಬೇಕಿತ್ತು’ ಎಂಬ ವಾಕ್ಯದಲ್ಲಿ ‘ದಯವಿಟ್ಟು’ ಇದೆ, ‘ತಾವು’ ಇದೆ, ‘ಗಮನಿಸಿ’ ಎಂಬ ಗೌರವರೂಪವೂ ಇದೆ. ಆದರೂ ಅದು ಆಪಾದನೆಯೇ. ವಿನಯದ ಪದಗಳನ್ನು ಎಣಿಸಿ ಸಂದೇಶವೊಂದರ ಗೌರವವನ್ನು ಅಳೆಯಲಾಗದು ಎಂಬುದಕ್ಕೆ ಈ ಒಂದು ವಾಕ್ಯ ಸಾಕು.

3. ಆಡುಮಾತಿನ ಪರಿಹಾರ: ‘ಕನವ್ವ’

ಆಡುಮಾತು ಈ ಕೊರತೆಯನ್ನು ವಾಕ್ಯದ ಕೊನೆಯಲ್ಲಿ ತುಂಬುತ್ತದೆ. ಮಂಡ್ಯ-ಮಳವಳ್ಳಿ ಕಡೆಯ ಮಾತಿನಲ್ಲಿ ‘ಕಣ’ ಅಥವಾ ‘ಕನ’ ಎಂಬ ಅವ್ಯಯವು ಬಂಧುವಾಚಕವೊಂದನ್ನು ಸೇರಿಸಿಕೊಂಡು ‘ಕನವ್ವ’, ‘ಕನಕ್ಕ’, ‘ಕನಮ್ಮಿ’ ಎಂದಾಗುತ್ತದೆ. ಹಿರಿಯಳಿಗೆ ಅವ್ವ, ತನಗಿಂತ ತುಸು ದೊಡ್ಡವಳಿಗೆ ಅಕ್ಕ, ಕಿರಿಯಳಿಗೆ ಅಮ್ಮಿ. ಈ ಅವ್ಯಯ ಕ್ರಿಯಾಪದದ ಕರ್ತೃವನ್ನು ಹೇಳುವುದಿಲ್ಲ. ಮಾತು ಯಾರನ್ನು ಕುರಿತದ್ದು, ಆಡುವವಳಿಗೂ ಅವಳಿಗೂ ಏನು ಸಂಬಂಧ ಎಂಬುದನ್ನು ಹೇಳುತ್ತದೆ. ಆದ್ದರಿಂದ ಪುರುಷಪ್ರತ್ಯಯವಿಲ್ಲದ ರೂಪಗಳಿಗೂ ಅದು ಸಲೀಸಾಗಿ ಹತ್ತುತ್ತದೆ.

(3) ಅ. ಕಂತು ಕಟ್ಬೇಕು ಕನಕ್ಕ.
ಆ. ಇನ್ನೂ ಕಟ್ಟಿಲ್ಲ ಕನವ್ವ.

(3ಆ)ದ ಕರ್ತೃ ಕೇಳುಗಳೇ ಆಗಬೇಕೆಂದಿಲ್ಲ. ಅದು ಮೂರನೆಯವಳ ವಿಷಯವಾಗಿರಬಹುದು, ಆಡುವವಳ ಸ್ವಂತ ಕಂತಿನ ವಿಷಯವೂ ಆಗಿರಬಹುದು. ‘ಅವ್ವ’ ಮಾತ್ರ ಕೇಳುಗಳಿಗೆ ಸಲ್ಲುತ್ತದೆ. ಕರ್ತೃವನ್ನು ಅಸ್ಪಷ್ಟವಾಗಿ ಉಳಿಸಿ ಕೇಳುಗಳಿಗೆ ಮರ್ಯಾದೆಯನ್ನು ಸ್ಪಷ್ಟವಾಗಿ ಕೊಡುವ ಈ ವಿಭಜನೆ ಜ್ಞಾಪನೆಗೆ ಹೇಳಿಮಾಡಿಸಿದಂತಿದೆ. ಉತ್ತರ ಕರ್ನಾಟಕದ ‘ರೀ’ ಕೂಡ ಇದೇ ಸ್ಥಾನದಲ್ಲಿ ನಿಂತು ‘ಕಟ್ಟಬೇಕ್ರಿ’, ‘ಕಟ್ಟಿಲ್ರಿ’ ಎಂಬ ರೂಪಗಳನ್ನು ಕೊಡುತ್ತದೆ. ವ್ಯತ್ಯಾಸವೆಂದರೆ ‘ರೀ’ ಸಾಮಾನ್ಯ ಮರ್ಯಾದೆಯ ಗುರುತು. ‘ಕನವ್ವ’ ಹೇಳುವುದು ಒಂದು ನಿರ್ದಿಷ್ಟ ಸಂಬಂಧವನ್ನು.

ಹಳ್ಳಿಯ ಬಂಧುವರ್ಗದೊಳಗೆ ಬಂಧುವಾಚಕದೊಡನೆ ಬರುವ ‘ನೀನು’ ಅಗೌರವವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ತಾಯಿಗೆ, ಅಜ್ಜಿಗೆ, ದೊಡ್ಡವ್ವನಿಗೆ ‘ನೀನು’ ಎನ್ನುವುದೇ ವಾಡಿಕೆ. ಪ್ರತಿನಿಧಿಯು ದಾರಿಯಲ್ಲಿ ಸಿಕ್ಕ ಹಿರಿಯ ಸದಸ್ಯೆಗೆ ಹೀಗೆ ಹೇಳಬಹುದು:

(4) ದೊಡ್ಡವ್ವ, ಶನಿವಾರ ಸಂಘ ಅದೆ, ಬತ್ತೀಯ ಅಲ್ವ? ಈ ಸಲದ ಕಂತು ಸಾವಿರದ ನೂರೆಂಬತ್ತು ಕನವ್ವ. ಆಗ್ದೆ ಇದ್ರೆ ಮೊದ್ಲೇ ಒಂದ್ ಮಾತ್ ಹೇಳ್ಬುಡು, ನೋಡನ.

ಇಲ್ಲಿ ‘ಕಟ್ಟು’ ಎಂಬ ಕ್ರಿಯಾಪದವೇ ಬಂದಿಲ್ಲ. ಮಧ್ಯಮಪುರುಷದ ಪ್ರತ್ಯಯ ಹೊತ್ತಿರುವುದು ‘ಬತ್ತೀಯ’ ಮಾತ್ರ, ಅದೂ ಸಭೆಗೆ ಬರುವುದರ ಬಗ್ಗೆ. ಹಣದ ಮಾತು ಬಂದಲ್ಲಿ ಕಂತೇ ವಾಕ್ಯದ ವಿಷಯ. ಇದೇ ದೊಡ್ಡವ್ವನಿಗೆ ಇದೇ ಹುಡುಗಿ ಒಂದು ದಿನ ಇದ್ದಕ್ಕಿದ್ದಂತೆ ‘ನೀವು ಬರ್ತೀರಲ್ವಾ’ ಎಂದರೆ ಗೌರವ ಹೆಚ್ಚುವುದಿಲ್ಲ; ದೂರ ಹೆಚ್ಚುತ್ತದೆ. ‘ನಾನೇನು ನಿನಗೆ ಹೊರಗಿನವಳಾ’ ಎಂಬ ಪ್ರಶ್ನೆಗೆ ಅದು ಆಸ್ಪದ ಕೊಡುತ್ತದೆ. ಬೇರೆ ಊರಿಂದ ಬಂದು ನೆಲೆಸಿದ ನೆರೆಯವಳಿಗಾದರೆ ‘ನೀವು’ ಅನಿವಾರ್ಯ. ಒಂದೇ ಸಂಘದೊಳಗೆ ಒಂದೇ ಸರ್ವನಾಮ ಒಬ್ಬಳಿಗೆ ಮರ್ಯಾದೆ, ಇನ್ನೊಬ್ಬಳಿಗೆ ಮುನಿಸು.

4. ಬರೆಹದ ಇಕ್ಕಟ್ಟು

ಈಗ ಅದೇ ಜ್ಞಾಪನೆಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಬರೆಯಬೇಕೆಂದು ಭಾವಿಸೋಣ. ಹದಿನೈದು ಜನ ಏಕಕಾಲಕ್ಕೆ ಓದುತ್ತಾರೆ. ‘ಕನವ್ವ’ ಎಂದರೆ ಅಮ್ಮಿಯಾದವಳಿಗೆ ಹೊಂದದು. ‘ಕನಮ್ಮಿ’ ಎಂದರೆ ಅವ್ವನಾದವಳಿಗೆ ಅಪಚಾರ. ಆಡುಮಾತಿನ ಸಾಧನ ಒಬ್ಬೊಬ್ಬರಿಗೆ ಮಾತ್ರ ಒದಗುವುದರಿಂದ ಬರೆಹವು ಬೇರೆ ದಾರಿ ಹುಡುಕಬೇಕು.

ಉದಾಹರಣೆಗೆ ಲೆಕ್ಕವೊಂದನ್ನು ಇಟ್ಟುಕೊಳ್ಳೋಣ. ಹದಿನೈದು ಸದಸ್ಯೆಯರ ಸಂಘ 3,00,000 ರೂಪಾಯಿ ಸಾಲ ಪಡೆದು ತಲಾ 20,000 ಹಂಚಿಕೊಂಡಿದೆ. ಇಪ್ಪತ್ತು ತಿಂಗಳ ಅವಧಿ. ತಿಂಗಳಿಗೆ ಅಸಲು 1,000. ಉಳಿದ ಅಸಲಿನ ಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಮೂರನೆಯ ತಿಂಗಳಲ್ಲಿ ಉಳಿದ ಅಸಲು 18,000, ಬಡ್ಡಿ 180, ಕಂತು 1,180. ಸಂಘ ಬ್ಯಾಂಕಿಗೆ ಕಟ್ಟಬೇಕಾದದ್ದು 17,700. ಈವರೆಗೆ ಬಂದಿರುವುದು 15,340.

ಪ್ರತಿನಿಧಿ ಮೊದಲು ಹೀಗೆ ಬರೆದಳೆಂದುಕೊಳ್ಳೋಣ:

(5) ಎಲ್ಲರ ಗಮನಕ್ಕೆ: ಈ ತಿಂಗಳ ಕಂತಿನಲ್ಲಿ ಇನ್ನೂ 2,360 ರೂಪಾಯಿ ಬಂದಿಲ್ಲ. ಕಟ್ಟದವರು ದಯವಿಟ್ಟು ಕೂಡಲೇ ಕಟ್ಟಿ. ನಿಮ್ಮಿಂದ ನಮಗೆಲ್ಲ ತೊಂದರೆಯಾಗುತ್ತದೆ.

ಇದರಲ್ಲಿ ಯಾರ ಹೆಸರೂ ಇಲ್ಲ. ಆದರೆ 2,360 ಎಂಬ ಮೊತ್ತ 1,180ರ ಎರಡರಷ್ಟು. ಬಾಕಿ ಇರುವವರು ಇಬ್ಬರು ಎಂದು ಯಾವ ಸದಸ್ಯೆಯೂ ಮನಸ್ಸಿನಲ್ಲೇ ಲೆಕ್ಕ ಹಾಕಬಲ್ಲಳು. ಹದಿನೈದು ಜನರ ಊರುಕೇರಿಯಲ್ಲಿ ಆ ಇಬ್ಬರು ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಹೆಸರು ಹೇಳದ ವಾಕ್ಯದಲ್ಲಿ ಅಂಕಿಯೇ ಹೆಸರಿನ ಕೆಲಸ ಮಾಡುತ್ತದೆ.

‘ಕಟ್ಟದವರು’ ಎಂಬ ರೂಪವೂ ಗಮನಾರ್ಹ. ‘ಕಟ್ಟಿಲ್ಲ’ ಒಂದು ಘಟನೆ ನಡೆಯದಿರುವುದನ್ನು ಹೇಳಿದರೆ ‘ಕಟ್ಟದವರು’ ಆ ನಿಷೇಧವನ್ನೇ ವ್ಯಕ್ತಿಯ ಗುಣವಾಗಿಸುತ್ತದೆ. ಬಹುವಚನದ ‘-ಅವರು’ ವ್ಯಾಕರಣದ ಮಟ್ಟಿಗೆ ಗೌರವಸೂಚಕವೇ ಆದರೂ ಅದು ಅಂಟಿಕೊಂಡಿರುವುದು ನಿಂದೆಯ ಪದಕ್ಕೆ. ಬ್ಯಾಂಕಿನ ‘ಸುಸ್ತಿದಾರರು’ ಎಂಬ ಪದ ಇದೇ ಕೆಲಸವನ್ನು ಇನ್ನೂ ಗಡುಸಾಗಿ ಮಾಡುತ್ತದೆ.

ಕೊನೆಯ ವಾಕ್ಯದ ‘ನಮಗೆಲ್ಲ’ ಇನ್ನೊಂದು ಬಗೆಯ ಪೆಟ್ಟು. ತಮಿಳಿನಲ್ಲಿ ಕೇಳುಗರನ್ನು ಒಳಗೊಳ್ಳುವ ‘ನಾಂ’, ಒಳಗೊಳ್ಳದ ‘ನಾಂಗಳ್’ ಎಂಬ ಭೇದವಿದೆ. ತೆಲುಗಿನಲ್ಲಿ ‘ಮನಮು’, ‘ಮೇಮು’. ತುಳುವಿನಲ್ಲಿ ‘ನಮ’, ‘ಎಂಕುಳು’. ಇಂದಿನ ಕನ್ನಡದ ‘ನಾವು’ ಎರಡಕ್ಕೂ ಸಲ್ಲುತ್ತದೆ. ಹಾಗಾಗಿ ಕೇಳುಗಳು ಒಳಗಿದ್ದಾಳೋ ಹೊರಗಿದ್ದಾಳೋ ಎಂಬುದನ್ನು ವಾಕ್ಯದ ಉಳಿದ ಭಾಗ ತೀರ್ಮಾನಿಸುತ್ತದೆ. ‘ನಾವು ಬ್ಯಾಂಕಿಗೆ ಕಟ್ಟಬೇಕು’ ಎಂಬಲ್ಲಿ ಅವಳನ್ನು ಒಳಗೆ ಎಣಿಸಲು ಅಡ್ಡಿಯಿಲ್ಲ. ಅದೇ ವಾಕ್ಯದೊಳಗೆ ‘ನೀವು’ ಅಥವಾ ‘ನಿಮ್ಮ’ ಎದುರುಪಕ್ಷವಾಗಿ ಬಂದ ಕೂಡಲೇ ‘ನಾವು’ ಎಂಬುದರ ಬಾಗಿಲು ಮುಚ್ಚುತ್ತದೆ. ‘ನಿಮ್ಮಿಂದ ನಮಗೆಲ್ಲ’ ಎಂದಾಗ ಇಬ್ಬರು ಸಂಘದ ಹೊರಗೆ ನಿಂತಂತಾಯಿತು.

ಈಗ ಅದೇ ವಿಷಯದ ಇನ್ನೊಂದು ರೂಪ:

(6) ಸಂಘದ ಎಲ್ಲ ಅಕ್ಕತಂಗಿಯರಿಗೂ ನಮಸ್ಕಾರ. ನಮ್ಮ ಸಂಘದ ಮೂರನೆಯ ಕಂತು ಈ ತಿಂಗಳ 10ನೆಯ ತಾರೀಖು ಬ್ಯಾಂಕಿಗೆ ಹೋಗಬೇಕು. ಒಬ್ಬೊಬ್ಬರ ಪಾಲು 1,180 ರೂಪಾಯಿ (ಅಸಲು 1,000, ಬಡ್ಡಿ 180). ಶನಿವಾರ ಸಂಜೆ ಸಭೆಗೆ ಬರುವಾಗ ಪಾಸ್ ಪುಸ್ತಕ ತನ್ನಿ. ಆಗಲೇ ಕೊಟ್ಟಿರುವವರು ಪುಸ್ತಕದಲ್ಲಿ ಬರೆಸಿಕೊಳ್ಳಿ. ಈ ಸಲ ಕಷ್ಟವಾದವರು ಸಭೆಗೆ ಮೊದಲೇ ನನಗೊಂದು ಮಾತು ತಿಳಿಸಿ, ಏನು ಮಾಡಬಹುದೆಂದು ಕೂತು ನೋಡೋಣ.

(6)ರಲ್ಲಿ ‘ದಯವಿಟ್ಟು’ ಇಲ್ಲ, ‘ವಿನಂತಿ’ ಇಲ್ಲ, ‘ತಾವು’ ಇಲ್ಲ. ‘ಬೇಕು’ ಒಂದೇ ಸಲ ಬರುತ್ತದೆ, ಅದರ ಕರ್ತೃ ಕಂತು. ಕ್ರಿಯೆಯೂ ‘ಕಟ್ಟು’ ಅಲ್ಲ, ‘ಹೋಗು’. ‘ಇಲ್ಲ’ ಎಲ್ಲಿಯೂ ಬಂದಿಲ್ಲ. ಕೊಟ್ಟಿರುವ ಅಂಕಿ ಎಲ್ಲರಿಗೂ ಸಮಾನವಾದುದು. ಅದರಿಂದ ಯಾರ ಗುರುತೂ ಹೊರಬೀಳದು. ಅಸಲು-ಬಡ್ಡಿಯನ್ನು ಬಿಡಿಸಿ ಬರೆದಿರುವುದರಿಂದ ಓದುವವಳು ಲೆಕ್ಕವನ್ನು ತಾನೇ ತಾಳೆ ನೋಡಬಹುದು. ಲೆಕ್ಕ ಕೇಳುವ ಹಕ್ಕು ಅವಳಿಗಿದೆ ಎಂದು ಒಪ್ಪಿಕೊಳ್ಳುವುದೂ ಒಂದು ಗೌರವ.

ವಿಧಿರೂಪಗಳಾದ ‘ತನ್ನಿ’, ‘ಬರೆಸಿಕೊಳ್ಳಿ’, ‘ತಿಳಿಸಿ’ ಎಂಬವು ಗೌರವದ ಪ್ರತ್ಯಯ ಹೊತ್ತಿವೆ, ಆದರೆ ಮೂರರಲ್ಲಿ ಒಂದೂ ಹಣ ಕೊಡುವ ಕ್ರಿಯೆಯಲ್ಲ. ಇಲ್ಲಿನ ‘-ಇ’ ಬಹುವಚನವೂ ಹೌದು, ಗೌರವವೂ ಹೌದು. ‘ನೀನು’ ಎನ್ನಿಸಿಕೊಳ್ಳುವ ದೊಡ್ಡವ್ವ ಅದನ್ನು ಬಹುವಚನವೆಂದು ಓದುತ್ತಾಳೆ, ದೂರವೆನಿಸದು. ‘ನೀವು’ ನಿರೀಕ್ಷಿಸುವ ನೆರೆಯವಳು ಗೌರವವೆಂದು ಓದುತ್ತಾಳೆ, ಕೊರತೆಯೆನಿಸದು. ಹಿಂದಿನ ಭಾಗದಲ್ಲಿ ಕಂಡ ಸರ್ವನಾಮದ ತೊಡಕನ್ನು ಗುಂಪಿನ ಸಂಬೋಧನೆ ತಾನಾಗಿ ಬಿಡಿಸುತ್ತದೆ.

ಸಂದೇಶವು ಓದುಗರಿಗೆ ಎರಡು ವರ್ಗಗಳನ್ನು ಕೊಡುತ್ತದೆ: ‘ಕೊಟ್ಟಿರುವವರು’, ‘ಕಷ್ಟವಾದವರು’. ‘ಕಟ್ಟದವರು’ ಎಂಬ ಮೂರನೆಯದು ಇಲ್ಲ. ‘ಕಷ್ಟವಾದವರು’ ಎಂಬಲ್ಲಿ ವ್ಯಕ್ತಿ ಕರ್ತೃವಲ್ಲ. ಕಷ್ಟ ‘ಅವರಿಗೆ’ ಆದುದು, ಅವರು ಮಾಡಿದ್ದಲ್ಲ. ತಾನು ಯಾವ ವರ್ಗಕ್ಕೆ ಸೇರಿದವಳೆಂದು ಸದಸ್ಯೆಯೇ ಆರಿಸಿಕೊಳ್ಳುತ್ತಾಳೆ. ಕೊನೆಗೆ ‘ನೋಡೋಣ’ ಬರುತ್ತದೆ. ಕನ್ನಡದ ಸರ್ವನಾಮದಲ್ಲಿ ಒಳಗೊಳ್ಳುವ ಭೇದವಿಲ್ಲದಿದ್ದರೂ ‘-ಓಣ’ ಎಂಬ ಪ್ರತ್ಯಯದಲ್ಲಿ ಅದಿದೆ: ಕೇಳುಗಳನ್ನು ಹೊರಗಿಟ್ಟು ಅವಳಿಗೇ ‘ನೋಡೋಣ’ ಎನ್ನಲಾಗದು. (4)ರ ‘ನೋಡನ’ವೂ ಇದೇ. ಒಬ್ಬಳನ್ನು ಸಂಘದ ಒಳಗೇ ಇಟ್ಟುಕೊಳ್ಳಲು ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ರೂಪ ಇಲ್ಲ.

5. ಸೋಲು ತಿಳಿಯುವ ಬಗೆ ಮತ್ತು ಈ ವಿವರಣೆಯ ಮಿತಿ

ಜ್ಞಾಪನೆಯೊಂದು ಆಪಾದನೆಯಾಗಿ ಕೇಳಿಸಿತೆಂಬುದನ್ನು ಅದಕ್ಕೆ ಬರುವ ಉತ್ತರಗಳಿಂದ ಗುರುತಿಸಬಹುದು. (5)ರಂಥ ಸಂದೇಶಕ್ಕೆ ನಿರೀಕ್ಷಿಸಬೇಕಾದ ಪ್ರತಿಕ್ರಿಯೆ ‘ನಾನು ಆಗ್ಲೇ ಕಟ್ಟಿದ್ದೀನಿ’ ಎಂಬ ಸಾಲು, ಅದೂ ಕಟ್ಟಿದವರಿಂದ. ಜ್ಞಾಪನೆಯಲ್ಲಿ ಎಲ್ಲಿಯೂ ಕಾಣದ ಪುರುಷಪ್ರತ್ಯಯ ಇಲ್ಲಿ ಉತ್ತಮಪುರುಷದಲ್ಲಿ ಮರಳಿ ಬರುತ್ತದೆ, ಆತ್ಮರಕ್ಷಣೆಗಾಗಿ. ಕಟ್ಟಿದವರು ಒಬ್ಬೊಬ್ಬರಾಗಿ ಹೀಗೆ ಹೇಳಿಕೊಂಡಂತೆ ಉಳಿದ ಇಬ್ಬರ ಮೌನವೇ ಅವರ ಹೆಸರಾಗುತ್ತದೆ. (6)ಕ್ಕೆ ನಿರೀಕ್ಷಿಸಬಹುದಾದುದು ಸಭೆಯ ಸಮಯದ ಬಗೆಗಿನ ಪ್ರಶ್ನೆ, ಅಥವಾ ಪ್ರತಿನಿಧಿಗೆ ಪ್ರತ್ಯೇಕವಾಗಿ ಬರುವ ಒಂದು ಕರೆ. ಕ್ಷೇತ್ರಕಾರ್ಯ ಮಾಡುವವರು ಸಂದೇಶಗಳೊಡನೆ ಉತ್ತರಗಳನ್ನೂ, ಅವುಗಳ ಕ್ರಿಯಾರೂಪಗಳ ಪುರುಷವನ್ನೂ ಸಂಗ್ರಹಿಸಿದರೆ ಈ ಊಹೆಯನ್ನು ನೇರವಾಗಿ ಪರೀಕ್ಷಿಸಬಹುದು. ಸದಸ್ಯೆಯರ ಒಪ್ಪಿಗೆ ಪಡೆದು, ಹೆಸರುಗಳ ಜೊತೆಗೆ ಮೊತ್ತಗಳನ್ನೂ ಮರೆಮಾಡಬೇಕೆಂಬುದನ್ನು (5)ರ ವಿಶ್ಲೇಷಣೆಯೇ ಸೂಚಿಸುತ್ತದೆ.

ಎರಡು ಮಿತಿಗಳನ್ನು ಹೇಳಬೇಕು. ಮೊದಲನೆಯದು, ಬಂಧುವಾಚಕ ಯಾವಾಗಲೂ ಸೌಮ್ಯವಲ್ಲ. ‘ಅಕ್ಕ’ ಎನ್ನಿಸಿಕೊಂಡವಳು ಇಲ್ಲವೆನ್ನುವುದು ಕಷ್ಟ, ಮರ್ಯಾದೆಯೇ ಒತ್ತಡವಾಗಬಹುದು. ಜೊತೆಗೆ ‘ಅವ್ವ’, ‘ಅಕ್ಕ’ ಎಂಬ ಕರೆ ಜಾತಿಯ ಗೆರೆಯನ್ನು ಎರಡೂ ಕಡೆಯಿಂದ ಸಮಾನವಾಗಿ ದಾಟುತ್ತದೆಂದು ಊಹಿಸಲಾಗದು. ಕಿರಿಯಳು ಬಂಧುವಾಚಕ ಸೇರಿಸಿ ಹಿರಿಯಳಿಗೆ ಹೇಳುವ ‘ನೀನು’ ಬೇರೆ. ಬಂಧುವಾಚಕವಿಲ್ಲದೆ, ಹೆಸರು ಹಿಡಿದು, ವಯಸ್ಸನ್ನು ಲೆಕ್ಕಿಸದೆ ಬರುವ ‘ನೀನು’ ಬೇರೆ. ಆದ್ದರಿಂದ ರೂಪವನ್ನು ಮಾತ್ರ ನೋಡದೆ ಅದು ಪರಸ್ಪರವೇ ಎಂದು ನೋಡಬೇಕು.

ಎರಡನೆಯದು, (6)ರ ಸಾಧನಗಳು ಮೊದಲ ಜ್ಞಾಪನೆಗೆ ಸಲ್ಲುತ್ತವೆ. ಎರಡು-ಮೂರು ಕಂತುಗಳು ಸತತವಾಗಿ ಉಳಿದಾಗ ‘ಕಂತು ಹೋಗಬೇಕು’ ಎಂಬ ನಿರ್ವ್ಯಕ್ತಿಕ ವಾಕ್ಯ ಸಾಲದು. ಆಗ ‘ಇಲ್ಲ’ ಎಂಬ ಮಾತನ್ನು ಆಡಲೇಬೇಕಾಗುತ್ತದೆ. ಅದನ್ನು ಗುಂಪಿನ ಬರೆಹದಲ್ಲಿ ಆಡಿದರೆ ಗೌರವಕ್ಕೆ ಸ್ಥಾನವಿಲ್ಲ. ಮನೆಯ ಜಗಲಿಯ ಮೇಲೆ ಮುಖಾಮುಖಿಯಾಗಿ ಆಡಿದರೆ ‘ಮೂರ್ ಕಂತು ಬಂದಿಲ್ಲ ಕನವ್ವ’ ಎನ್ನಲು ಬರುತ್ತದೆ. ಕಠಿಣ ಮಾತಿಗೆ ಬರೆಹವನ್ನೂ ಮೃದು ಮಾತಿಗೆ ಮುಖಾಮುಖಿಯನ್ನೂ ಆರಿಸಿಕೊಳ್ಳುವ ರೂಢಿಗೆ ಕನ್ನಡದ ವ್ಯಾಕರಣ ಬೆಂಬಲ ಕೊಡುವುದಿಲ್ಲ. ‘ಇಲ್ಲ’ ಎಂಬುದಕ್ಕೆ ಮರ್ಯಾದೆಯನ್ನು ಹೊಂದಿಸುವ ರೂಪ ಈ ಭಾಗದ ಆಡುಮಾತಿನಲ್ಲಿದೆ, ಶಿಷ್ಟ ಬರೆಹದಲ್ಲಿಲ್ಲ.